ನೈನ್-ಬಾಕ್ಸ್ ಗ್ರಿಡ್ ತುಂಬುವುದು ಹೇಗೆ, ಯಾರಿಗೂ ಹಣೆಪಟ್ಟಿ ಕಟ್ಟದೆ

ಅಪ್ರೈಸಲ್ ಮುಗಿದ ಮೇಲೆ ಬಹಳ ಕಂಪನಿಗಳಲ್ಲಿ ಇನ್ನೊಂದು ಮೀಟಿಂಗ್ ನಡೆಯುತ್ತದೆ. ನೌಕರರಿಗೆ ಅದರ ಸುಳಿವೂ ಇರುವುದಿಲ್ಲ. ಮ್ಯಾನೇಜರ್‌ಗಳು, ಎಚ್‌ಆರ್‌ನವರು ಕೂತು ನೈನ್-ಬಾಕ್ಸ್ ಗ್ರಿಡ್ ಅನ್ನುವ ಒಂಬತ್ತು ಚೌಕಗಳ ಒಂದು ಚಿತ್ರದಲ್ಲಿ ಎಲ್ಲರ ಹೆಸರನ್ನೂ ಒಂದೊಂದು ಕಡೆ ಕೂರಿಸುತ್ತಾರೆ. ಅಡ್ಡಗೆರೆಯಲ್ಲಿ ಈಗಿನ ಕೆಲಸ ಹೇಗಿದೆ ಅನ್ನುವುದು: ಕಡಿಮೆ, ಸಾಧಾರಣ, ಹೆಚ್ಚು. ಉದ್ದಗೆರೆಯಲ್ಲಿ ಮುಂದೆ ಎಷ್ಟು ಬೆಳೆಯಬಲ್ಲರು ಅನ್ನುವುದು, ಅಲ್ಲೂ ಅದೇ ಮೂರು ಮಟ್ಟ. ಮೇಲಿನ ಬಲಮೂಲೆಯಲ್ಲಿ ಕೂತವರು ಹೈ-ಪೊಟೆನ್ಶಿಯಲ್. ಟ್ರೈನಿಂಗ್, ಹೊಸ ಪ್ರಾಜೆಕ್ಟ್, ಪ್ರಮೋಷನ್ ಎಲ್ಲ ಮೊದಲು ಹೋಗುವುದು ಅವರ ಕಡೆಗೆ.

ಈ ಚೌಕವನ್ನು ಮೊದಲು ಮಾಡಿದ್ದು ಜನರಿಗಾಗಿ ಅಲ್ಲ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ತನ್ನ ಹತ್ತಾರು ವ್ಯವಹಾರಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಹಾಗೇ ನಡೆಸಬೇಕು, ಯಾವುದನ್ನು ಮಾರಬೇಕು ಅಂತ ತೀರ್ಮಾನಿಸಬೇಕಿತ್ತು. ಅದಕ್ಕೆ ಮೆಕಿನ್ಸಿ ಅನ್ನುವ ಸಲಹಾ ಸಂಸ್ಥೆಯ ಜೊತೆ ಸೇರಿ ಮಾಡಿದ್ದು ಈ ಮೂರು-ಮೂರು ಮನೆಗಳ ಚಿತ್ರ. ಆಮೇಲೆ ಎಚ್‌ಆರ್‌ನವರು ಅದೇ ಚಿತ್ರದಲ್ಲಿ ಜನರ ಹೆಸರು ಬರೆದರು. ತೊಂದರೆ ಶುರುವಾಗುವುದು ಇಲ್ಲೇ. ಒಂದು ವ್ಯವಹಾರವನ್ನು ಕೆಳಗಿನ ಎಡಮೂಲೆಗೆ ಹಾಕಿದರೆ ಅದಕ್ಕೆ ಬೇಜಾರಾಗುವುದಿಲ್ಲ. ಮನುಷ್ಯರನ್ನು ಹಾಕಿದರೆ ಅವರಿಗೆ ಅವಕಾಶ ಕಡಿಮೆಯಾಗುತ್ತದೆ, ಅವಕಾಶ ಇಲ್ಲದೆ ಅವರು ಬೆಳೆಯುವುದಿಲ್ಲ, ಮುಂದಿನ ವರ್ಷ ಅದೇ ಮ್ಯಾನೇಜರ್ "ನಾನು ಆಗಲೇ ಹೇಳಿದ್ದೆ" ಅನ್ನುತ್ತಾರೆ.

ಹಾಗಂತ ಗ್ರಿಡ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಗ್ರಿಡ್ ಇಲ್ಲದ ಕಡೆ ಪ್ರಮೋಷನ್ ತೀರ್ಮಾನ ಆಗುವುದು ಬಾಸ್‌ನ ಕ್ಯಾಬಿನ್‌ನಲ್ಲಿ, ಯಾರಿಗೂ ಕಾಣದ ಹಾಗೆ. ಗ್ರಿಡ್ ಇದ್ದರೆ ಕೊನೇ ಪಕ್ಷ ನಾಲ್ಕು ಜನರ ಮುಂದೆ ಕಾರಣ ಹೇಳಬೇಕಾಗುತ್ತದೆ. ಆದರೆ ಅದನ್ನು ತುಂಬುವ ಕ್ರಮ ಬಹಳ ಮುಖ್ಯ. ಅದರಲ್ಲೂ ಉದ್ದಗೆರೆ. ಅನ್ಯಾಯ ಹೆಚ್ಚಾಗಿ ಒಳಗೆ ಬರುವುದು ಆ ದಾರಿಯಲ್ಲೇ.

ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಪೀಣ್ಯದಲ್ಲಿ ಆಟೊಮೊಬೈಲ್ ಬಿಡಿಭಾಗ ಮಾಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ದಾಬಸ್‌ಪೇಟೆಯಲ್ಲಿ ಎರಡನೇ ಘಟಕ ಬರುತ್ತಿದೆ. 18 ತಿಂಗಳಲ್ಲಿ ಅಲ್ಲಿಗೆ ಇಬ್ಬರು ಪ್ರೊಡಕ್ಷನ್ ಮ್ಯಾನೇಜರ್ ಬೇಕು. ಪೀಣ್ಯದಲ್ಲಿ ಶಿಫ್ಟ್ ಇನ್‌ಚಾರ್ಜ್‌ಗಳು, ಎಂಜಿನಿಯರ್‌ಗಳು ಸೇರಿ 14 ಜನ ಇದ್ದಾರೆ.

ಹಂತ 1: ಯಾವ ಕೆಲಸಕ್ಕೆ, ಯಾವಾಗಿಗೆ ಅಂತ ಮೊದಲು ಬರೆಯಿರಿ

"ನಮ್ಮ ಟ್ಯಾಲೆಂಟ್ ಯಾರು ಅಂತ ಗೊತ್ತಾಗಬೇಕು" ಅನ್ನುವುದು ಗ್ರಿಡ್ ಮಾಡಲು ಸಾಕಾಗುವ ಕಾರಣ ಅಲ್ಲ. ಕೈಯಲ್ಲಿ ತೀರ್ಮಾನ ಒಂದಿರಬೇಕು. ನಮ್ಮ ಉದಾಹರಣೆಯಲ್ಲಿ ಪ್ರಶ್ನೆ ಹೀಗಿದೆ: 18 ತಿಂಗಳ ಒಳಗೆ ಹೊಸ ಘಟಕದ ಪ್ರೊಡಕ್ಷನ್ ಮ್ಯಾನೇಜರ್ ಕೆಲಸಕ್ಕೆ ಯಾರು ತಯಾರಾಗಬಲ್ಲರು, ತಯಾರಾಗಲು ಅವರಿಗೆ ಏನು ಕೊಡಬೇಕು?

ಹೀಗೆ ಬರೆದುಕೊಂಡರೆ ಪೊಟೆನ್ಶಿಯಲ್ ಅನ್ನುವ ಮಾತಿಗೆ ಒಂದು ಗಡಿ ಸಿಗುತ್ತದೆ. ಪೊಟೆನ್ಶಿಯಲ್ ಅಂದರೆ ಒಬ್ಬರ ಒಳಗೆ ಹುಟ್ಟಿನಿಂದ ಇರುವ ಗುಣ ಅಂದುಕೊಂಡರೆ ಚರ್ಚೆ ವ್ಯಕ್ತಿತ್ವದ ಮೇಲೆ ಹೋಗುತ್ತದೆ. ಅದೇ "ಈ ಕೆಲಸಕ್ಕೆ, ಇಷ್ಟು ತಿಂಗಳಲ್ಲಿ" ಅಂತ ಕಟ್ಟಿಹಾಕಿದರೆ ಚರ್ಚೆ ಕೆಲಸದ ಮೇಲೆ ಉಳಿಯುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ ಕೆಲಸಕ್ಕೆ ಸಾಧಾರಣ ಅನ್ನಿಸಿದವರು ಟೂಲ್ ರೂಮ್ ನಡೆಸುವುದಕ್ಕೆ ಎಲ್ಲರಿಗಿಂತ ಮುಂದೆ ಇರಬಹುದು. ಅದು ಬೇರೆ ಪ್ರಶ್ನೆ. ಅದಕ್ಕೆ ಬೇರೆ ಗ್ರಿಡ್ ಬೇಕು.

ಇದೇ ಹಂತದಲ್ಲಿ ಇನ್ನೊಂದು ವಿಷಯ ಬರವಣಿಗೆಯಲ್ಲಿ ಇರಲಿ: ಈ ಗ್ರಿಡ್ ಅನ್ನು ಇಂಕ್ರಿಮೆಂಟ್‌ಗೆ ಬಳಸುವುದಿಲ್ಲ, ಜನರನ್ನು ತೆಗೆಯುವುದಕ್ಕೂ ಬಳಸುವುದಿಲ್ಲ. ಬಳಸುತ್ತಾರೆ ಅನ್ನುವ ಅನುಮಾನ ಬಂದರೆ ಸಾಕು, ಮ್ಯಾನೇಜರ್‌ಗಳು ತಮ್ಮ ಹುಡುಗರನ್ನು ಉಳಿಸಿಕೊಳ್ಳಲು ಎಲ್ಲರನ್ನೂ ಮೇಲಕ್ಕೆ ತಳ್ಳುತ್ತಾರೆ. ಆಮೇಲೆ ಆ ಚಿತ್ರದಲ್ಲಿ ನಿಜ ಹುಡುಕುವುದು ಕಷ್ಟ.

ಹಂತ 2: ಅಡ್ಡಗೆರೆ ಮೊದಲು ಮುಗಿಸಿ, ಬೀಗ ಹಾಕಿ

ಕೆಲಸದ ಲೆಕ್ಕ ಮತ್ತು ಪೊಟೆನ್ಶಿಯಲ್ ಎರಡನ್ನೂ ಒಂದೇ ದಿನ ಒಂದೇ ಉಸಿರಿನಲ್ಲಿ ತುಂಬಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಮೊದಲು ಕೆಲಸದ್ದು ಮುಗಿಯಲಿ. ಎರಡು ವರ್ಷದ್ದನ್ನು ನೋಡಿ, ಒಂದೇ ವರ್ಷ ಸಾಲದು.

ಅಪ್ರೈಸಲ್ ರೇಟಿಂಗ್ ಅನ್ನು ಹಾಗೇ ತಂದು ಅಂಟಿಸಬೇಡಿ. ಇಂತಿಷ್ಟು ಜನರಿಗೆ ಮಾತ್ರ ಇಂಥ ರೇಟಿಂಗ್ ಅಂತ ಹಂಚುವ ಬೆಲ್ ಕರ್ವ್ ನಿಮ್ಮಲ್ಲಿ ಇದ್ದರೆ ಆ ರೇಟಿಂಗ್ ಆಗಲೇ ಒಂದು ಸಲ ಜರಡಿ ಹಿಡಿದಿರುತ್ತದೆ. ಬಲವಾದ ಟೀಮ್‌ನಲ್ಲಿ ನಾಲ್ಕನೆಯವರಾಗಿದ್ದಕ್ಕೆ 3 ಬಂದವರು, ಸಾಧಾರಣ ಟೀಮ್‌ನಲ್ಲಿ ಮೊದಲಿಗರಾಗಿ 4 ಪಡೆದವರಿಗಿಂತ ಒಳ್ಳೆಯ ಕೆಲಸ ಮಾಡಿರಬಹುದು. ಹಾಗಾಗಿ ರೇಟಿಂಗ್ ಹಿಂದೆ ಇರುವ ಅಂಕಿಗಳನ್ನು ನೋಡಿ: ರಿಜೆಕ್ಷನ್, ಸಮಯಕ್ಕೆ ಹೋದ ಡಿಸ್ಪ್ಯಾಚ್, ಯಂತ್ರ ನಿಂತ ಗಂಟೆ.

ಆ ಅಂಕಿಗಳನ್ನೂ ಸುಮ್ನೆ ಅಕ್ಕಪಕ್ಕ ಇಡುವ ಹಾಗಿಲ್ಲ. ನಮ್ಮ ಕಾರ್ಖಾನೆಯಲ್ಲಿ ಹೊಸ ಸಿಎನ್‌ಸಿ ಲೈನ್ ನೋಡುವ ಬಿ.ಇ. ಓದಿದ ಎಂಜಿನಿಯರ್ ಒಬ್ಬರಿದ್ದಾರೆ, ಅವರ ರಿಜೆಕ್ಷನ್ 0.6%. ಹಳೇ ಯಂತ್ರಗಳ ಲೈನ್ ನೋಡುವ, ಡಿಪ್ಲೊಮಾ ಓದಿದ ಶಿಫ್ಟ್ ಇನ್‌ಚಾರ್ಜ್ ಒಬ್ಬರಿದ್ದಾರೆ, ಅವರದ್ದು 1.2%. ಹಾಳೆ ನೋಡಿದ ತಕ್ಷಣ ಮೊದಲನೆಯವರೇ ಮುಂದೆ ಅನ್ನಿಸುತ್ತದೆ. ಆದರೆ ಸಿಎನ್‌ಸಿ ಲೈನ್ ಅವರ ಕೈಗೆ ಬರುವ ಮೊದಲೂ 0.6ರ ಆಸುಪಾಸಿನಲ್ಲೇ ಇತ್ತು. ಹಳೇ ಲೈನ್ ಎರಡು ವರ್ಷದ ಹಿಂದೆ 2.1ರಲ್ಲಿತ್ತು. ಅದನ್ನು ಇಳಿಸಿದ್ದು ಆ ಇನ್‌ಚಾರ್ಜ್. ಅಂದರೆ ಪ್ರತಿಯೊಬ್ಬರ ಎದುರಿಗೂ "ಕೈಗೆ ಬಂದಾಗ ಎಷ್ಟಿತ್ತು, ಈಗ ಎಷ್ಟಿದೆ" ಅಂತ ಎರಡು ಅಂಕಿ ಬೇಕು. ಒಂದು ಅಂಕಿ ಮಾತ್ರ ಇದ್ದರೆ ನೀವು ಅಳೆಯುತ್ತಿರುವುದು ಯಂತ್ರವನ್ನು.

ರಜೆಯ ಲೆಕ್ಕವನ್ನೂ ಇಲ್ಲೇ ಸರಿಮಾಡಿ. ಕ್ವಾಲಿಟಿ ವಿಭಾಗದ ಎಂಜಿನಿಯರ್ ಒಬ್ಬರು ಹಿಂದಿನ ವರ್ಷ 26 ವಾರ ಹೆರಿಗೆ ರಜೆಯಲ್ಲಿದ್ದರು. ಅದಕ್ಕೆ ಮೊದಲಿನ ವರ್ಷ ಅವರ ರೇಟಿಂಗ್ ಮೇಲಿನ ಮಟ್ಟದ್ದು, ರಜೆಯ ವರ್ಷ ಸಾಧಾರಣ. ಕಾರಣ ಕೇಳಿದರೆ "ಟಾರ್ಗೆಟ್ ಪೂರ್ತಿ ಆಗಿಲ್ಲ" ಅನ್ನುತ್ತದೆ ಫಾರ್ಮ್. 12 ತಿಂಗಳ ಟಾರ್ಗೆಟ್ ಅನ್ನು ಆರು ತಿಂಗಳು ಕೆಲಸ ಮಾಡಿದವರ ಮೇಲೆ ಹೊರಿಸಿದರೆ ಪೂರ್ತಿ ಆಗುವುದಾದರೂ ಹೇಗೆ? ಕೆಲಸ ಮಾಡಿದ ತಿಂಗಳುಗಳಿಗೆ ಮಾತ್ರ ಲೆಕ್ಕ ಹಾಕಿ. ಹಾಗೆ ಹಾಕಿದಾಗ ಅವರು ಬಲಗಡೆಯ ಮನೆಗೇ ಬಂದರು.

ಇಷ್ಟಾದ ಮೇಲೆ ಅಡ್ಡಗೆರೆಗೆ ಬೀಗ. ಉದ್ದಗೆರೆ ತುಂಬುವಾಗ "ಇಲ್ಲ, ಇವರನ್ನು ಸ್ವಲ್ಪ ಎಡಕ್ಕೆ ತನ್ನಿ" ಅಂತ ಯಾರೂ ಕೇಳುವ ಹಾಗಿಲ್ಲ.

ಹಂತ 3: ಉದ್ದಗೆರೆಗೆ ಮೂರು ಪ್ರಶ್ನೆ, ಜೊತೆಗೆ "ಗೊತ್ತಿಲ್ಲ" ಅನ್ನುವ ಉತ್ತರ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಪೊಟೆನ್ಶಿಯಲ್ ಎಷ್ಟು ಅಂತ ನೇರವಾಗಿ ಕೇಳಿದರೆ ಬರುವ ಉತ್ತರ ಮ್ಯಾನೇಜರ್‌ನ ಮನಸ್ಸಿನಲ್ಲಿರುವ ನಾಯಕನ ಚಿತ್ರಕ್ಕೆ ಯಾರು ಹೊಂದುತ್ತಾರೆ ಅನ್ನುವುದು. ಆಲನ್ ಬೆನ್ಸನ್, ಡ್ಯಾನಿಯೆಲ್ ಲೀ, ಕೆಲಿ ಶೂ ಅನ್ನುವ ಮೂವರು ಸಂಶೋಧಕರು ಉತ್ತರ ಅಮೆರಿಕದ ಒಂದು ದೊಡ್ಡ ರಿಟೇಲ್ ಕಂಪನಿಯ ನೈನ್-ಬಾಕ್ಸ್ ದಾಖಲೆಗಳನ್ನೇ ತೆಗೆದು ನೋಡಿದರು. ಅಲ್ಲಿ ಹೆಂಗಸರ ಕೆಲಸದ ರೇಟಿಂಗ್ ಗಂಡಸರಿಗಿಂತ ಮೇಲಿತ್ತು, ಪೊಟೆನ್ಶಿಯಲ್ ರೇಟಿಂಗ್ ಕೆಳಗಿತ್ತು. ಪ್ರಮೋಷನ್‌ನಲ್ಲಿದ್ದ ಅಂತರದ ದೊಡ್ಡ ಪಾಲಿಗೆ ಈ ಪೊಟೆನ್ಶಿಯಲ್ ರೇಟಿಂಗೇ ಕಾರಣ ಅಂತ ಅವರ ಲೆಕ್ಕ. ಮ್ಯಾನೇಜರ್‌ಗಳ ಊಹೆ ಸರಿಯಾಗಿತ್ತಾ? ಇಲ್ಲ. ಒಂದೇ ಪೊಟೆನ್ಶಿಯಲ್ ರೇಟಿಂಗ್ ಪಡೆದ ಹೆಂಗಸರು ಮತ್ತು ಗಂಡಸರನ್ನು ಹೋಲಿಸಿದಾಗ ಮುಂದೆ ಹೆಚ್ಚು ಚೆನ್ನಾಗಿ ಕೆಲಸ ಮಾಡಿದವರು ಹೆಂಗಸರು. ಅದಾದ ಮೇಲೂ ಅವರ ಪೊಟೆನ್ಶಿಯಲ್ ರೇಟಿಂಗ್ ಕಡಿಮೆಯೇ ಇತ್ತು.

ಇದೇ ಮೂವರು 2019ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದರು, ಅದು ಅಡ್ಡಗೆರೆಯ ಬಗ್ಗೆ ಎಚ್ಚರಿಸುತ್ತದೆ. 131 ಕಂಪನಿಗಳ ಸೇಲ್ಸ್‌ನವರನ್ನು ನೋಡಿದಾಗ, ಚೆನ್ನಾಗಿ ಮಾರಾಟ ಮಾಡಿದವರಿಗೆ ಮ್ಯಾನೇಜರ್ ಆಗುವ ಅವಕಾಶ ಹೆಚ್ಚು ಸಿಕ್ಕಿತ್ತು, ಆದರೆ ಮ್ಯಾನೇಜರ್ ಆದ ಮೇಲೆ ಅವರ ಕೈಕೆಳಗಿನವರ ಮಾರಾಟ ಬೇರೆ ಮ್ಯಾನೇಜರ್‌ಗಳ ಕೈಕೆಳಗಿನವರಿಗಿಂತ ಹಿಂದೆ ಬಿತ್ತು. ಅಂದರೆ ಈಗಿನ ಕೆಲಸ ನೋಡಿ ಮುಂದಿನದ್ದನ್ನು ಊಹಿಸುವುದೂ ತಪ್ಪುತ್ತದೆ, ಮುಖ ನೋಡಿ ಊಹಿಸುವುದೂ ತಪ್ಪುತ್ತದೆ. ಉಳಿಯುವುದು ಒಂದೇ ದಾರಿ: ಮುಂದಿನ ಕೆಲಸದ ಚೂರುಗಳನ್ನು ಇವರು ಈಗಾಗಲೇ ಎಲ್ಲಾದರೂ ಮಾಡಿ ತೋರಿಸಿದ್ದಾರಾ ಅಂತ ಹುಡುಕುವುದು.

ಪ್ರೊಡಕ್ಷನ್ ಮ್ಯಾನೇಜರ್ ಕೆಲಸಕ್ಕೆ ನಾನು ಇಡುವ ಪ್ರಶ್ನೆಗಳು ಇವು. ಒಂದು, ಗೊತ್ತಿಲ್ಲದ ಲೈನ್ ಅಥವಾ ಹೊಸ ಸಮಸ್ಯೆ ಕೈಗೆ ಬಂದಾಗ ಕಲಿತು ಸರಿಮಾಡಿದ್ದಾರಾ? ಎರಡು, ತಾವೇ ಮಾಡುವ ಬದಲು ಬೇರೆಯವರಿಂದ ಕೆಲಸ ಮಾಡಿಸಿ, ಅವರನ್ನು ಬೆಳೆಸಿದ್ದಾರಾ? ಮೂರು, ತಮ್ಮ ಲೈನ್ ಆಚೆಗೆ, ಅಂದರೆ ಖರ್ಚು, ಗ್ರಾಹಕ, ಬೇರೆ ವಿಭಾಗ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನ ಮಾಡಿದ್ದಾರಾ?

ಪ್ರತಿ ಪ್ರಶ್ನೆಗೂ ಹಿಂದಿನ 24 ತಿಂಗಳಲ್ಲಿ ನಡೆದ ಒಂದು ಘಟನೆ ಬರೆಯಬೇಕು: ಯಾವಾಗ, ಏನಾಯಿತು, ಇವರು ಏನು ಮಾಡಿದರು, ಆಮೇಲೆ ಏನಾಯಿತು. ರಜೆಯಲ್ಲಿದ್ದವರಿಗೆ ಆ ರಜೆಯಷ್ಟು ಹಿಂದಕ್ಕೆ ಹೋಗಬಹುದು. ಘಟನೆ ಇದ್ದರೆ "ಇದೆ". ಅವಕಾಶ ಸಿಕ್ಕಿಯೂ ಆಗಲಿಲ್ಲ ಅಂದರೆ "ಇಲ್ಲ". ಅವಕಾಶವೇ ಸಿಕ್ಕಿಲ್ಲ ಅಂದರೆ "ಗೊತ್ತಿಲ್ಲ".

ಮೂರಕ್ಕೂ "ಇದೆ" ಬಂದರೆ ಮೇಲಿನ ಸಾಲು. ಎರಡಕ್ಕೆ ಬಂದು ಒಂದಕ್ಕೆ "ಇಲ್ಲ" ಅಂದರೆ ನಡುವಿನ ಸಾಲು. ಅದಕ್ಕಿಂತ ಕಡಿಮೆ ಅಂದರೆ ಕೆಳಗಿನದು. ಯಾವುದಾದರೂ ಒಂದಕ್ಕೆ "ಗೊತ್ತಿಲ್ಲ" ಬಂದರೆ ಅವರನ್ನು ಯಾವ ಚೌಕಕ್ಕೂ ಹಾಕಬೇಡಿ. ಗ್ರಿಡ್ ಪಕ್ಕದಲ್ಲಿ ಒಂದು ಪಟ್ಟಿ ಮಾಡಿ, ಹೆಸರು ಅಲ್ಲಿರಲಿ. ಬಹಳ ಕಂಪನಿಗಳ ಟೆಂಪ್ಲೇಟ್‌ನಲ್ಲಿ ಈ ಜಾಗವೇ ಇರುವುದಿಲ್ಲ, ಹಾಗಾಗಿ ಗೊತ್ತಿಲ್ಲದವರೆಲ್ಲ ಕೆಳಗೋ ನಡುವೆಯೋ ಹೋಗಿ ಕೂರುತ್ತಾರೆ. ಅವಕಾಶ ಕೊಡದೆ ಇದ್ದದ್ದು ಕಂಪನಿ, ಹಣೆಪಟ್ಟಿ ಬಿದ್ದದ್ದು ನೌಕರನಿಗೆ.

ಇಷ್ಟವಿದೆಯೋ ಇಲ್ಲವೋ ಅನ್ನುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಬೇರೆ ಕಾಲಮ್. ಅದನ್ನು ತುಂಬಬೇಕಾದವರು ಆ ವ್ಯಕ್ತಿಯೇ, ಅವರನ್ನು ಕೇಳಿ ತುಂಬಿ.

ಹಂತ 4: ಮ್ಯಾನೇಜರ್‌ಗಳು ಮೀಟಿಂಗ್‌ಗೆ ಮೊದಲೇ ಒಬ್ಬೊಬ್ಬರೇ ಬರೆಯಲಿ

ಮೀಟಿಂಗ್‌ನಲ್ಲಿ ಕೂತು ಬರೆದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯ ಆಗುತ್ತದೆ. ಫಾರ್ಮ್‌ಗಳು ಒಂದು ವಾರ ಮೊದಲೇ ಎಚ್‌ಆರ್ ಕೈಗೆ ಬರಲಿ. ಎಚ್‌ಆರ್‌ನವರ ಕೆಲಸ ಅಲ್ಲಿ ಶುರು: ಘಟನೆ ಇಲ್ಲದ ಸಾಲುಗಳನ್ನು ವಾಪಸ್ ಕಳಿಸುವುದು.

ವಾಪಸ್ ಹೋಗಬೇಕಾದ ಸಾಲುಗಳು ಹೇಗಿರುತ್ತವೆ ಅಂತ ಹೇಳುತ್ತೇನೆ. ನಮ್ಮ ಡಿಪ್ಲೊಮಾ ಇನ್‌ಚಾರ್ಜ್ ಬಗ್ಗೆ: "ಒಳ್ಳೆ ಕೆಲಸಗಾರ, ಆದರೆ ಮೀಟಿಂಗ್‌ನಲ್ಲಿ ಮಾತಾಡುವುದಿಲ್ಲ, ಮ್ಯಾನೇಜರ್ ಮೆಟೀರಿಯಲ್ ಅಲ್ಲ." ಬಿ.ಇ. ಎಂಜಿನಿಯರ್ ಬಗ್ಗೆ: "ತುಂಬಾ ಶಾರ್ಪ್, ಗ್ರಾಹಕರ ಮುಂದೆ ಪ್ರೆಸೆಂಟೇಷನ್ ಅದ್ಭುತ, ಭವಿಷ್ಯದ ನಾಯಕ." ಕ್ವಾಲಿಟಿ ಎಂಜಿನಿಯರ್ ಬಗ್ಗೆ: "ಮಗು ಚಿಕ್ಕದು, ಓಡಾಟ ಕಷ್ಟ ಆಗಬಹುದು, ಒಂದೆರಡು ವರ್ಷ ನೋಡೋಣ."

ಮೂರರಲ್ಲೂ ಒಂದೇ ಒಂದು ಘಟನೆ ಇಲ್ಲ. ಮೊದಲನೆಯದರಲ್ಲಿ ರಿವ್ಯೂ ಮೀಟಿಂಗ್ ಪೂರ್ತಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ ಅನ್ನುವ ವಿಷಯ ಮುಚ್ಚಿಹೋಗಿದೆ. ಶಾಪ್ ಫ್ಲೋರ್‌ನಲ್ಲಿ ಆ ಮನುಷ್ಯ ಕನ್ನಡದಲ್ಲಿ, ಅಷ್ಟಿಷ್ಟು ಹಿಂದಿಯಲ್ಲಿ, ಇಡೀ ಶಿಫ್ಟ್ ನಡೆಸುತ್ತಾರೆ. ಪ್ರೊಡಕ್ಷನ್ ಮ್ಯಾನೇಜರ್ ಹೆಚ್ಚು ಹೊತ್ತು ಇರುವುದು ಎಲ್ಲಿ, ಬೋರ್ಡ್ ರೂಮ್‌ನಲ್ಲೋ ಫ್ಲೋರ್‌ನಲ್ಲೋ? ಎರಡನೆಯದು ಪ್ರೆಸೆಂಟೇಷನ್ ಮಾಡುವ ಶಕ್ತಿಯನ್ನು ಜನ ನಡೆಸುವ ಶಕ್ತಿ ಅಂದುಕೊಂಡಿದೆ. ಮೂರನೆಯದು ಆ ಹೆಣ್ಣುಮಗಳನ್ನು ಒಂದು ಮಾತೂ ಕೇಳದೆ ಅವರ ಪರವಾಗಿ ಉತ್ತರ ಕೊಟ್ಟಿದೆ.

ಇಂಥ ಮ್ಯಾನೇಜರ್‌ಗಳು ಕೆಟ್ಟವರೇನಲ್ಲ. ಮೂರನೆಯ ಸಾಲು ಬರೆದವರು ನಿಜವಾಗಿ ಕಾಳಜಿಯಿಂದಲೇ ಬರೆದಿರುತ್ತಾರೆ. ಆದರೂ ಆ ಕಾಳಜಿ ಒಬ್ಬರ ಎರಡು ವರ್ಷವನ್ನು ತೆಗೆದುಬಿಡುತ್ತದೆ.

ಹಂತ 5: ಮೀಟಿಂಗ್ ನಡೆಸುವ ಕ್ರಮ

14 ಜನಕ್ಕೆ ತಲಾ ಹತ್ತು ನಿಮಿಷ ಅಂದರೂ ಎರಡೂಕಾಲು ಗಂಟೆ ದಾಟುತ್ತದೆ. ನಡುವೆ ಒಂದು ಬ್ರೇಕ್ ಕೊಡಿ. ಸುಸ್ತಾದ ಮೇಲೆ ಚರ್ಚೆಗೆ ಬರುವ ಹೆಸರುಗಳಿಗೆ ಎರಡೇ ನಿಮಿಷ ಸಿಗುತ್ತದೆ, ಅದೂ ಒಂದು ಅನ್ಯಾಯವೇ. ಕಷ್ಟದ ಹೆಸರುಗಳನ್ನು ಮೊದಲು ತೆಗೆದುಕೊಳ್ಳಿ.

ಪ್ಲಾಂಟ್ ಹೆಡ್ ಕೊನೆಯಲ್ಲಿ ಮಾತಾಡಬೇಕು. ಇದನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಸಿ, ಏಕೆಂದರೆ ಅವರು ಒಂದು ಸಲ "ಅವನಾ, ಒಳ್ಳೆ ಹುಡುಗ" ಅಂದುಬಿಟ್ಟರೆ ಆಮೇಲೆ ಬೇರೆ ಮಾತು ಹೊರಡುವುದಿಲ್ಲ. ಆ ವ್ಯಕ್ತಿಯ ಕೆಲಸವನ್ನು ಹತ್ತಿರದಿಂದ ನೋಡದವರು ಪ್ರಶ್ನೆ ಕೇಳಬಹುದು, ಅಭಿಪ್ರಾಯ ಕೊಡುವ ಹಾಗಿಲ್ಲ. ಯಾರಾದರೂ ಗುಣವಾಚಕ ಬಳಸಿದರೆ, ಅಂದರೆ ಶಾರ್ಪ್, ಡಲ್, ಸ್ಪಾರ್ಕ್ ಇಲ್ಲ ಅಂದರೆ, ಮೀಟಿಂಗ್ ನಡೆಸುವವರು ಒಂದೇ ಮಾತು ಕೇಳಬೇಕು: "ಅದು ಕಂಡದ್ದು ಯಾವ ಸಂದರ್ಭದಲ್ಲಿ?"

ನಮ್ಮ ಮೂವರಿಗೆ ಏನಾಯಿತು ನೋಡೋಣ.

ಡಿಪ್ಲೊಮಾ ಇನ್‌ಚಾರ್ಜ್ ಬಗ್ಗೆ ಪ್ರಶ್ನೆ ಬಂದಾಗ ಮೆಂಟೆನೆನ್ಸ್ ಮ್ಯಾನೇಜರ್ ಒಂದು ವಿಷಯ ಹೇಳಿದರು. ಸಹೋದ್ಯೋಗಿ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಇವರು ಆರು ವಾರ ಸಿಎನ್‌ಸಿ ಲೈನ್ ನೋಡಿಕೊಂಡಿದ್ದರು, ಅದಕ್ಕೆ ಮೊದಲು ಆ ಯಂತ್ರಗಳನ್ನು ಮುಟ್ಟಿರಲಿಲ್ಲ. ಆ ಆರು ವಾರ ರಿಜೆಕ್ಷನ್ ಏರಲಿಲ್ಲ. ಮೊದಲ ಪ್ರಶ್ನೆಗೆ "ಇದೆ". ಅವರ ಕೈಕೆಳಗೆ ಹೆಲ್ಪರ್ ಆಗಿ ಸೇರಿದ ಇಬ್ಬರು ಈಗ ಯಂತ್ರ ಹೊಂದಿಸುವ ಸೆಟ್ಟರ್ ಆಗಿದ್ದಾರೆ. ಎರಡಕ್ಕೂ "ಇದೆ". ಖರ್ಚು, ಗ್ರಾಹಕ ಅನ್ನುವ ಮೂರನೆಯ ಪ್ರಶ್ನೆಗೆ ಉತ್ತರ ಇರಲಿಲ್ಲ, ಏಕೆಂದರೆ ಅವರನ್ನು ಆ ಮೀಟಿಂಗ್‌ಗಳಿಗೆ ಯಾರೂ ಕರೆದೇ ಇಲ್ಲ. "ಗೊತ್ತಿಲ್ಲ". ಹೆಸರು ಪಕ್ಕದ ಪಟ್ಟಿಗೆ ಹೋಯಿತು. ಅವರ ಮ್ಯಾನೇಜರ್ ಮೊದಲು ಹಾಕಿದ್ದು ಕೆಳಗಿನ ಸಾಲಿಗೆ.

ಬಿ.ಇ. ಎಂಜಿನಿಯರ್‌ಗೆ ಮೂರನೆಯ ಪ್ರಶ್ನೆಗೆ "ಇದೆ", ಗ್ರಾಹಕರ ಜೊತೆಗಿನ ಕೆಲಸಕ್ಕೆ ಒಳ್ಳೆಯ ಘಟನೆಗಳು ಸಿಕ್ಕವು. ಆದರೆ ಅವರ ಲೈನ್‌ಗೆ ದೊಡ್ಡ ತೊಂದರೆ ಬಂದೇ ಇಲ್ಲ, ನೇರವಾಗಿ ಅವರಿಗೆ ರಿಪೋರ್ಟ್ ಮಾಡುವವರೂ ಇಲ್ಲ. ಎರಡು "ಗೊತ್ತಿಲ್ಲ". ಮೇಲಿನ ಬಲಮೂಲೆಯಲ್ಲಿ ಅಂತ ಬಂದ ಹೆಸರು, ಅದೂ ಪಕ್ಕದ ಪಟ್ಟಿಗೆ. ಇದರಿಂದ ಅವರಿಗೂ ಒಳ್ಳೆಯದೇ ಆಯಿತು. ಒಂದು ಶಿಫ್ಟ್ ಕೂಡ ನಡೆಸದೆ ಹೊಸ ಘಟಕಕ್ಕೆ ಹೋಗಿ ಸೋತಿದ್ದರೆ ಬೀಳುತ್ತಿದ್ದ ಹಣೆಪಟ್ಟಿ ಇನ್ನೂ ಕೆಟ್ಟದಿರುತ್ತಿತ್ತು.

ಕ್ವಾಲಿಟಿ ಎಂಜಿನಿಯರ್ ರಜೆಗೆ ಮೊದಲು ಗ್ರಾಹಕರ ಆಡಿಟ್‌ನಲ್ಲಿ ಬಂದ ದೋಷಗಳನ್ನು ಮೂರು ವಿಭಾಗಗಳನ್ನು ಸೇರಿಸಿಕೊಂಡು ಸರಿಮಾಡಿಸಿದ್ದರು, ಆ ವಿಭಾಗಗಳಲ್ಲಿ ಯಾವುದೂ ಅವರ ಕೈಕೆಳಗೆ ಇರಲಿಲ್ಲ. ಅದರಲ್ಲಿ ಹೀಟ್ ಟ್ರೀಟ್‌ಮೆಂಟ್ ವಿಷಯ ಅವರಿಗೆ ಹೊಸದು, ಕಲಿತೇ ಮಾಡಿದ್ದು. ಇಬ್ಬರು ಇನ್‌ಸ್ಪೆಕ್ಟರ್‌ಗಳನ್ನು ತಯಾರು ಮಾಡಿಟ್ಟು ರಜೆಗೆ ಹೋಗಿದ್ದರು. ಮೂರಕ್ಕೂ "ಇದೆ". ಓಡಾಟದ ಬಗ್ಗೆ ಅವರನ್ನೇ ಕೇಳಿದಾಗ ಬಂದ ಉತ್ತರ: ಸದ್ಯಕ್ಕೆ ನೈಟ್ ಶಿಫ್ಟ್ ಆಗುವುದಿಲ್ಲ, ಜನರಲ್ ಶಿಫ್ಟ್ ಆದರೆ ದಾಬಸ್‌ಪೇಟೆಗೆ ಹೋಗಲು ಸಿದ್ಧ. ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆ ಹೇಗೂ ಜನರಲ್ ಶಿಫ್ಟಿನದು. ಅವರು ಮೇಲಿನ ಬಲಮೂಲೆಗೆ ಬಂದರು.

ಹಂತ 6: ಚಿತ್ರ ಮುಗಿದ ಮೇಲೆ ಅದನ್ನೇ ಅನುಮಾನಿಸಿ

ಎರಡು ಲಕ್ಷಣಗಳನ್ನು ನೋಡಿ. ಹೆಸರುಗಳೆಲ್ಲ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಒಂದೇ ಓರೆಗೆರೆಯಲ್ಲಿ ಬಿದ್ದಿದ್ದರೆ ಉದ್ದಗೆರೆಯನ್ನು ಯಾರೂ ನಿಜವಾಗಿ ತುಂಬಿಲ್ಲ, ಕೆಲಸದ ರೇಟಿಂಗ್ ಅನ್ನೇ ಎರಡು ಸಲ ಬರೆದಿದ್ದಾರೆ ಅನ್ನುವ ಅನುಮಾನ ಬರಬೇಕು. ಇನ್ನೊಂದು, ಒಬ್ಬ ಮ್ಯಾನೇಜರ್‌ನ ಜನರೆಲ್ಲ ಮೇಲೆ, ಇನ್ನೊಬ್ಬರ ಜನರೆಲ್ಲ ಕೆಳಗೆ ಇದ್ದರೆ ನೀವು ನೋಡುತ್ತಿರುವುದು ಆ ಮ್ಯಾನೇಜರ್‌ಗಳ ಸ್ವಭಾವವನ್ನು.

14 ಜನರಲ್ಲಿ ಶೇಕಡಾ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲಿ ಹೆಸರು ಹೆಸರು ಹಿಡಿದೇ ನೋಡಬೇಕು. ಆದರೆ ನಿಮ್ಮಲ್ಲಿ ಮುನ್ನೂರು, ನಾನೂರು ಜನ ಇದ್ದರೆ ಎಕ್ಸೆಲ್‌ನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. C ಕಾಲಮ್‌ನಲ್ಲಿ ಕೆಲಸದ ಮಟ್ಟ, D ಕಾಲಮ್‌ನಲ್ಲಿ ಪೊಟೆನ್ಶಿಯಲ್ ಮಟ್ಟ (1, 2, 3, ಗೊತ್ತಿಲ್ಲದಿದ್ದರೆ X), E ಕಾಲಮ್‌ನಲ್ಲಿ F ಅಥವಾ M ಇರಲಿ:

```
=COUNTIFS(E:E,"F",C:C,3,D:D,3)/COUNTIFS(E:E,"F",C:C,3)
=COUNTIFS(E:E,"M",C:C,3,D:D,3)/COUNTIFS(E:E,"M",C:C,3)
```

ಕೆಲಸದಲ್ಲಿ ಮೇಲಿನ ಮಟ್ಟದಲ್ಲಿರುವ ಹೆಂಗಸರಲ್ಲಿ ಎಷ್ಟು ಭಾಗ, ಗಂಡಸರಲ್ಲಿ ಎಷ್ಟು ಭಾಗ ಪೊಟೆನ್ಶಿಯಲ್‌ನಲ್ಲೂ ಮೇಲೆ ಬಂದರು ಅಂತ ಇದು ತೋರಿಸುತ್ತದೆ. ಒಂದೇ ಮಟ್ಟದ ಕೆಲಸ ಮಾಡಿದವರ ನಡುವೆ ದೊಡ್ಡ ಅಂತರ ಕಂಡರೆ ಆ ಫಾರ್ಮ್‌ಗಳನ್ನು ಮತ್ತೆ ತೆರೆಯಿರಿ. D:D,3 ಜಾಗದಲ್ಲಿ D:D,"X" ಹಾಕಿ ಇನ್ನೊಂದು ಸಲ ನೋಡಿ. "ಗೊತ್ತಿಲ್ಲ" ಒಂದೇ ಗುಂಪಿನಲ್ಲಿ ತುಂಬಿದ್ದರೆ ಅವಕಾಶ ಹಂಚಿದ ಕಡೆಯೇ ತಪ್ಪಾಗಿದೆ. ಡಿಪ್ಲೊಮಾ-ಡಿಗ್ರಿ, ಹಳೇ ಘಟಕ-ಹೊಸ ಘಟಕ, ಕಾಂಟ್ರಾಕ್ಟ್‌ನಿಂದ ಪರ್ಮನೆಂಟ್ ಆದವರು-ನೇರವಾಗಿ ಸೇರಿದವರು, ಇವಕ್ಕೂ ಇದೇ ಲೆಕ್ಕ ಹಾಕಬಹುದು.

ಹಂತ 7: ಚೌಕಕ್ಕೆ ಹೆಸರಿಡಬೇಡಿ, ಪ್ರತಿ ವ್ಯಕ್ತಿಗೂ ಒಂದು ಕೆಲಸ ಬರೆಯಿರಿ

ರೆಡಿಮೇಡ್ ಟೆಂಪ್ಲೇಟ್‌ಗಳಲ್ಲಿ ಚೌಕಗಳಿಗೆ ಸ್ಟಾರ್, ವರ್ಕ್‌ಹಾರ್ಸ್, ಎನಿಗ್ಮಾ ಅಂತೆಲ್ಲ ಹೆಸರಿರುತ್ತವೆ. ಅಳಿಸಿಹಾಕಿ. ಮೀಟಿಂಗ್ ಮುಗಿದು ತಿಂಗಳಾದ ಮೇಲೆ ಘಟನೆಗಳು ಮರೆತುಹೋಗಿ ಈ ಹೆಸರುಗಳು ಮಾತ್ರ ತಲೆಯಲ್ಲಿ ಉಳಿಯುತ್ತವೆ.

ಬದಲಿಗೆ ಪ್ರತಿಯೊಬ್ಬರ ಎದುರಿಗೂ ಮುಂದಿನ ಆರು ತಿಂಗಳಲ್ಲಿ ಏನು ಕೊಡುತ್ತೇವೆ ಅಂತ ಬರೆಯಿರಿ, ಜವಾಬ್ದಾರಿ ಯಾರದ್ದು ಅನ್ನುವುದನ್ನೂ ಸೇರಿಸಿ. ಡಿಪ್ಲೊಮಾ ಇನ್‌ಚಾರ್ಜ್‌ಗೆ ಮೂರು ತಿಂಗಳು ಪ್ರೊಡಕ್ಷನ್ ಪ್ಲಾನಿಂಗ್ ವಿಭಾಗದ ಜೊತೆ ಕೆಲಸ, ಗ್ರಾಹಕರ ದೂರಿನ ಮೀಟಿಂಗ್‌ಗೆ ಕಡ್ಡಾಯ ಕರೆ, ಆ ಮೀಟಿಂಗ್‌ನಲ್ಲಿ ಕನ್ನಡದಲ್ಲಿ ಮಾತಾಡಲು ಅವಕಾಶ. ಬಿ.ಇ. ಎಂಜಿನಿಯರ್‌ಗೆ ಮೂರು ತಿಂಗಳು ಹಳೇ ಲೈನ್‌ನ ಒಂದು ಶಿಫ್ಟ್. ಕ್ವಾಲಿಟಿ ಎಂಜಿನಿಯರ್‌ಗೆ ಹೊಸ ಘಟಕದ ಲೇಔಟ್ ತಂಡದಲ್ಲಿ ಜಾಗ.

"ಗೊತ್ತಿಲ್ಲ" ಪಟ್ಟಿಯವರಿಗೆ ಅವಕಾಶ ಮೊದಲು ಸಿಗಬೇಕು, ಮೇಲಿನ ಮೂಲೆಯವರಿಗಿಂತ ಮೊದಲು. ಇದಕ್ಕೆ ಮ್ಯಾನೇಜರ್‌ಗಳಿಂದ ವಿರೋಧ ಬರುತ್ತದೆ, "ಗೆಲ್ಲುವವರ ಮೇಲೆ ಹಾಕೋಣ" ಅನ್ನುತ್ತಾರೆ. ಆದರೆ ಈ ಪಟ್ಟಿ ಖಾಲಿಯಾಗದಿದ್ದರೆ ಮುಂದಿನ ವರ್ಷವೂ ನಿಮಗೆ ಅದೇ ನಾಲ್ಕು ಹೆಸರು.

ಹಂತ 8: ನೌಕರರಿಗೆ ಏನು ಹೇಳಬೇಕು

ಚೌಕದ ಹೆಸರನ್ನಾಗಲಿ ನಂಬರನ್ನಾಗಲಿ ಹೇಳಬೇಡಿ. ಹಾಗಂತ ಇಂಥದ್ದೊಂದು ನಡೆಯಿತು ಅನ್ನುವುದನ್ನು ಮುಚ್ಚಿಡಲೂ ಬೇಡಿ, ಅದು ಹೇಗೂ ಕ್ಯಾಂಟೀನ್‌ಗೆ ತಲುಪುತ್ತದೆ. ಹೇಳಬೇಕಾದದ್ದು ಯಾವ ಕೆಲಸಕ್ಕಾಗಿ ಯೋಚಿಸಿದೆವು, ಏನು ಕಂಡೆವು, ಏನು ಕಾಣಲಿಲ್ಲ, ಮುಂದೇನು ಅನ್ನುವುದು. ಆ ಶಿಫ್ಟ್ ಇನ್‌ಚಾರ್ಜ್ ಜೊತೆಗಿನ ಮಾತು ಹೀಗಿರಬಹುದು:

"ದಾಬಸ್‌ಪೇಟೆ ಘಟಕಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಬೇಕು. ನಿಮ್ಮ ಹೆಸರೂ ಚರ್ಚೆಗೆ ಬಂತು. ಸಿಎನ್‌ಸಿ ಲೈನನ್ನು ಆರು ವಾರ ನೋಡಿಕೊಂಡಿರಲ್ಲ, ಅದನ್ನು ಎಲ್ಲರೂ ಹೇಳಿದರು. ಪ್ಲಾನಿಂಗ್, ಗ್ರಾಹಕರ ಕಡೆಯ ಕೆಲಸ ನಿಮಗೆ ನಾವು ಕೊಟ್ಟೇ ಇಲ್ಲ. ಅದನ್ನು ಈಗ ಕೊಡುತ್ತೇವೆ."

"ಹಾಗಾದ್ರೆ ಆ ಪೋಸ್ಟ್ ನನಗೆ ಸಿಗುತ್ತಾ ಸರ್?"

"ಈಗಲೇ ಹೇಳೋಕೆ ಆಗಲ್ಲ. ಮಾರ್ಚ್‌ನಲ್ಲಿ ಮತ್ತೆ ಕೂತು ನೋಡ್ತೀವಿ. ಅಲ್ಲಿವರೆಗೆ ಏನು ನೋಡ್ತೀವಿ ಅಂತ ಇವತ್ತೇ ಬರೆದು ಕೊಡ್ತೀನಿ. ಅದಿರಲಿ, ನಿಮಗೆ ಆ ಕೆಲಸ ಇಷ್ಟ ಇದೆಯಾ? ಮನೆ ಕಡೆ ಯೋಚನೆ ಮಾಡಿ ಹೇಳಿ, ಬೇಡ ಅಂದ್ರೂ ಇಲ್ಲಿ ನಿಮ್ಮ ಜಾಗಕ್ಕೆ ಏನೂ ಆಗಲ್ಲ."

ಕೊನೆಯ ಮಾತನ್ನು ಹೇಳಿದರೆ ನಡೆಸಿಕೊಡಬೇಕು. ಪೀಣ್ಯದಲ್ಲೇ ಒಳ್ಳೆಯ ಶಿಫ್ಟ್ ಇನ್‌ಚಾರ್ಜ್ ಆಗಿ ಇರುತ್ತೇನೆ ಅಂದವರ ಇಂಕ್ರಿಮೆಂಟ್ ಕಡಿಮೆಯಾಯಿತು ಅಂತ ಒಂದೇ ಒಂದು ಸುದ್ದಿ ಹಬ್ಬಿದರೂ, ಮುಂದಿನ ಸಲ ಎಲ್ಲರೂ "ಇಷ್ಟ ಇದೆ ಸರ್" ಅಂತಲೇ ಹೇಳುತ್ತಾರೆ.

ಹಂತ 9: ಫೈಲ್ ಯಾರ ಕೈಯಲ್ಲಿ, ಎಷ್ಟು ದಿನ

ಗ್ರಿಡ್ ಇರುವ ಫೈಲ್ ಅನ್ನು ಮೇಲ್‌ನಲ್ಲಿ ಕಳಿಸಬೇಡಿ. ನೋಡಬಹುದಾದವರ ಹೆಸರು ಮೊದಲೇ ಗೊತ್ತಿರಲಿ, ಅದು ನಾಲ್ಕೈದು ಜನ ಮೀರದಿರಲಿ. ಒಬ್ಬರು ಬೇರೆ ವಿಭಾಗಕ್ಕೆ ಹೋದಾಗ ಹೊಸ ಮ್ಯಾನೇಜರ್‌ಗೆ ಘಟನೆಗಳ ಹಾಳೆ ಕೊಡಿ, ಚೌಕ ಕೊಡಬೇಡಿ. ಹಳೆಯ ಬಾಸ್‌ನ ತೀರ್ಪು ಇಲ್ಲದೆ ಅವರನ್ನು ಮೊದಲ ಸಲ ನೋಡುವ ಅವಕಾಶ ಹೊಸ ಬಾಸ್‌ಗೆ ಇರಬೇಕು.

ಗ್ರಿಡ್‌ಗೆ 12 ತಿಂಗಳ ಆಯಸ್ಸು ಸಾಕು, ಆ ತಾರೀಖನ್ನು ಹಾಳೆಯ ಮೇಲೆಯೇ ಬರೆಯಿರಿ. ಮುಂದಿನ ವರ್ಷ ಖಾಲಿ ಚಿತ್ರದಿಂದ ಶುರುಮಾಡಿ. ಹೊಸದು ಪೂರ್ತಿ ತುಂಬಿ, ಬೀಗ ಹಾಕಿದ ಮೇಲೆ ಮಾತ್ರ ಹಳೆಯದನ್ನು ತೆರೆದು ಪಕ್ಕದಲ್ಲಿಡಿ. ಆಗ ಹೆಸರುಗಳ ಎರಡು ಗುಂಪು ಹುಡುಕಿ: ಹಿಂದಿನ ಸಲ ಕೆಳಗಿದ್ದು ಈಗ ಮೇಲೆ ಬಂದವರು, ಮೇಲಿದ್ದು ಈಗ ಕೆಳಗೆ ಹೋದವರು. ಪ್ರತಿ ಹೆಸರಿಗೂ ಹಿಂದಿನ ಸಲ ಬರೆದವರು ಯಾರು, ಯಾವ ಘಟನೆ ಆಧಾರವಾಗಿತ್ತು ಅಂತ ನೋಡಿ, ಆ ಮ್ಯಾನೇಜರ್ ಜೊತೆ ಒಬ್ಬರೇ ಕೂತು ಮಾತಾಡಿ. ಒಂದೂ ಹೆಸರು ಅಲುಗಾಡಿಲ್ಲ ಅಂದರೆ ಹಂತ 7ರಲ್ಲಿ ಬರೆದ ಅವಕಾಶಗಳನ್ನು ನಿಜವಾಗಿ ಯಾರಿಗೆ ಕೊಟ್ಟಿರಿ ಅನ್ನುವ ಪಟ್ಟಿಯನ್ನು ಮೊದಲು ತರಿಸಿಕೊಳ್ಳಿ.